ಚಲನ್‌ನಿಂದ ಶೀಟ್‌ಗೆ ಹಾಕಿದರೆ ಮೇ ತಿಂಗಳ ಬ್ಯಾಚ್ ನಂಬರ್ ಮಾತ್ರ ಕೆಡುತ್ತಿದೆ

ಸ್ಟೋರ್_ತುಮಕೂರು:
ವಸಂತನರಸಾಪುರದ ಒಂದು ಫುಡ್ ಯೂನಿಟ್‌ನಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ಸಪ್ಲೈಯರ್ ಮೇಲ್‌ನಲ್ಲಿ ಕಳಿಸುವ ಚಲನ್ ಪಿಡಿಎಫ್‌ನಿಂದ ಕಾಪಿ ಮಾಡಿ, ಎಕ್ಸೆಲ್‌ನ ರಿಸೀಟ್ ಶೀಟ್‌ಗೆ ಹಾಕುತ್ತೇನೆ. ಏಪ್ರಿಲ್ ಮಾಲು 25D ಅಂತ ಬಂದಾಗ ಏನೂ ತೊಂದರೆ ಇರಲಿಲ್ಲ. ಮೊನ್ನೆ ಸಿಟ್ರಿಕ್ ಆಸಿಡ್ 1000 ಕೆಜಿ ಬಂತು, 25 ಕೆಜಿಯ 40 ಮೂಟೆ. ಬ್ಯಾಚ್ ಕಾಲಂ ಹೀಗಿತ್ತು:

```
25E011-24
25E012-16
```

ಮೊದಲನೇ ಬ್ಯಾಚ್ 24 ಮೂಟೆ, ಎರಡನೇದು 16. ಶೀಟಲ್ಲಿ ಬಂದಿದ್ದು 2.50E+12, 2.50E+13. ಕ್ಯೂಸಿ ಮೇಡಂ ನೋಡಿ ನಕ್ಕುಬಿಟ್ಟರು.

ಮಾಲೂರು_ಹುಡುಗ:
ಗುರು, ಕಾಲಂ ಸೆಲೆಕ್ಟ್ ಮಾಡಿ `Format Cells` ಗೆ ಹೋಗಿ `Text` ಮಾಡು. ಮುಗೀತು.

ಸ್ಟೋರ್_ತುಮಕೂರು:
ಮಾಡಿದೆ. ಕೆಟ್ಟಿರೋದು ಹಾಗೇ ಇದೆ, ವಾಪಸ್ ಬರಲಿಲ್ಲ. ಮೊದಲೇ `Text` ಮಾಡಿಟ್ಟು ಹಾಕಿದರೂ ಅಷ್ಟೇ.

ಗೌರಿಬಿದನೂರು_86:
ಇಷ್ಟು ಒದ್ದಾಟ ಯಾಕೆ ಸರ್? ಇ-ವೇ ಬಿಲ್‌ನಲ್ಲಿ ಕ್ವಾಂಟಿಟಿ ಇರುತ್ತದಲ್ಲ, ಅದನ್ನೇ ಹಾಕಿ.

ಲೆಕ್ಕದ_ಅಕ್ಕ:
ಕ್ವಾಂಟಿಟಿ ಇರುತ್ತದೆ, ಬ್ಯಾಚ್ ಇರುವುದಿಲ್ಲ. ಜಿಎಸ್‌ಟಿ ರೂಲ್ 55ರಲ್ಲೂ ಚಲನ್‌ಗೆ ಬ್ಯಾಚ್ ನಂಬರ್ ಕೇಳಿಲ್ಲ. ಅದಕ್ಕೇ ಒಬ್ಬೊಬ್ಬ ಸಪ್ಲೈಯರ್ ಒಂದೊಂದು ಮೂಲೆಯಲ್ಲಿ ತುರುಕಿರುತ್ತಾರೆ.

ತುಮಕೂರು ತಮ್ಮ, ಒಂದು ಕೇಳ್ತೀನಿ. ಪೇಸ್ಟ್ ಮಾಡಿದ ತಕ್ಷಣ ಕೆಡುತ್ತದೋ, ಬ್ಯಾಚನ್ನೂ ಮೂಟೆಯನ್ನೂ ಬೇರೆ ಮಾಡಿದ ಮೇಲೆ ಕೆಡುತ್ತದೋ?

ಸ್ಟೋರ್_ತುಮಕೂರು:
ಹೌದಲ್ವಾ! ಪೇಸ್ಟ್ ಆದಾಗ ಸರಿಯಾಗೇ ಇರುತ್ತದೆ. `Text to Columns` ನಲ್ಲಿ `-` ಕೊಟ್ಟು ಬೇರೆ ಮಾಡಿದ ಮೇಲೇ ಹೀಗಾಗುವುದು.

ಲೆಕ್ಕದ_ಅಕ್ಕ:
ಅಲ್ಲೇ ಇದೆ ಕಳ್ಳ. 25E011-24 ಅಂತ ಒಟ್ಟಿಗೆ ಇರುವಾಗ ಎಕ್ಸೆಲ್‌ಗೆ ಅದು ಅಕ್ಷರ. ಬೇರೆ ಮಾಡಿದ ಕೂಡಲೇ 25E011 ಅದರ ಕಣ್ಣಿಗೆ "25ರ ಮುಂದೆ 11 ಸೊನ್ನೆ" ಎಂಬ ಸಂಖ್ಯೆ. ನಿಮ್ಮ ಸಪ್ಲೈಯರ್ ತಿಂಗಳಿಗೊಂದು ಅಕ್ಷರ ಇಟ್ಟಿರಬೇಕು, A ಜನವರಿ, E ಮೇ. ಜೂನ್‌ನಲ್ಲಿ F ಬಂದರೆ ತಾನಾಗೇ ಸರಿಹೋಗುತ್ತದೆ. ಮುಂದಿನ ಮೇಗೆ ಮತ್ತೆ ಶುರು.

ಆ ವಿಝಾರ್ಡ್‌ನ ಮೂರನೇ ಹೆಜ್ಜೆಯಲ್ಲಿ `General` ಇರುತ್ತದೆ. ಬ್ಯಾಚ್ ಕಾಲಂ ಮೇಲೆ ಕ್ಲಿಕ್ ಮಾಡಿ `Text` ಆರಿಸಬೇಕು. ಸೆಲ್ ಫಾರ್ಮ್ಯಾಟ್ ಮೊದಲೇ ಬದಲಿಸಿದ್ದರೂ ಇಲ್ಲಿ `General` ಬಿಟ್ಟರೆ ಕೆಡುತ್ತದೆ. ನಾನಂತೂ ವಿಝಾರ್ಡ್ ಸಹವಾಸವೇ ಬಿಟ್ಟೆ. ಚಲನ್ ಸಾಲು B2ನಲ್ಲಿದ್ದರೆ, ಮೊದಲನೇದು ಬ್ಯಾಚ್‌ಗೆ, ಎರಡನೇದು ಕೆಜಿಗೆ:

```
=LEFT(B2,FIND("-",B2)-1)
=VALUE(MID(B2,FIND("-",B2)+1,5))*25
```

600, 400 ಬರಬೇಕು. ಕೂಡಿದರೆ ಚಲನ್‌ನ 1000ಕ್ಕೆ ತಾಳೆ. ಕ್ವಾಂಟಿಟಿ ಕಾಲಂನ 1000ವನ್ನು ಎರಡೂ ಸಾಲಿಗೆ ಎಳೆಯಬೇಡಿ, ಸ್ಟಾಕ್ 2000 ಆಗುತ್ತದೆ. ನಾನು ಒಂದು ಸಲ ಮಾಡಿ ಬೈಸಿಕೊಂಡಿದ್ದೇನೆ.

ಇನ್ನೊಬ್ಬ ಸಪ್ಲೈಯರ್ ಬ್ಯಾಚ್ ಒಳಗೇ ಗೆರೆ ಹಾಕುತ್ತಿದ್ದರೆ ಈ ಫಾರ್ಮುಲಾ ಮೊದಲ ಗೆರೆಗೇ ಕತ್ತರಿಸುತ್ತದೆ, ಅವರಿಗೆ ಬೇರೆ ಬರೆಯಬೇಕು. ಫಾರ್ಮುಲಾದಿಂದ ಬಂದ ಬ್ಯಾಚನ್ನು `Text` ಮಾಡಿಟ್ಟ ಕಾಲಂಗೆ `Paste Values` ಮಾಡಿ. ಮೂಲೆಯಲ್ಲಿ ಹಸಿರು ತ್ರಿಕೋನ ಬಂದರೆ `Convert to Number` ಒತ್ತಬೇಡಿ, `Ignore Error` ಒತ್ತಿ.

ಮಾಲೂರು_ಹುಡುಗ:
ಅಕ್ಕ, ನಮ್ಮದು ಕೈಬರಹದ ಚಲನ್, ಅದೂ ಕಾರ್ಬನ್ ಕಾಪಿ. ಫೋಟೋದಿಂದ ಅಕ್ಷರ ತೆಗೆಯುವ ಆ್ಯಪ್ 5ನ್ನು S ಅನ್ನುತ್ತದೆ, 0 ಯಾವುದು O ಯಾವುದು ಗೊತ್ತೇ ಆಗಲ್ಲ.

ಲೆಕ್ಕದ_ಅಕ್ಕ:
ಅದಕ್ಕೆ ನನ್ನ ಹತ್ತಿರ ಒಳ್ಳೇ ದಾರಿ ಇಲ್ಲ. ಮೂಟೆ ಲೆಕ್ಕ ಚಲನ್‌ನಿಂದ, ಬ್ಯಾಚ್ ಮೂಟೆಯ ಲೇಬಲ್‌ನಿಂದ ತಗೊಳ್ಳಿ. ಲಾರಿ ಇಳಿಸುವಾಗಲೇ ಆಗಬೇಕು ಅಷ್ಟೇ.

ಮಾಲೂರು_ಹುಡುಗ:
ರಾತ್ರಿ ಹನ್ನೊಂದಕ್ಕೆ ಲಾರಿ ಬಂದರೆ ಲೇಬಲ್ ಓದುವವರು ಯಾರು ಅಕ್ಕ...

ಸ್ಟೋರ್_ತುಮಕೂರು:
ಫಾರ್ಮುಲಾ ಕೆಲಸ ಮಾಡಿತು, 600 ಮತ್ತು 400 ಬಂತು. ಒಂದು ವಿಚಿತ್ರ. ಬೆಳಿಗ್ಗೆ ವಿಝಾರ್ಡ್ ಬಳಸಿದ ಮೇಲೆ, ಇನ್ನೊಂದು ಚಲನ್ ಸುಮ್ನೆ ಪೇಸ್ಟ್ ಮಾಡಿದರೂ ತಾನೇ ಎರಡು ಕಾಲಂ ಆಗಿಬಿಡುತ್ತಿತ್ತು.

ಲೆಕ್ಕದ_ಅಕ್ಕ:
ಕೊನೆಗೆ ಕೊಟ್ಟ ಗೆರೆ ಅದಕ್ಕೆ ನೆನಪಿರುತ್ತದೆ. ಎಕ್ಸೆಲ್ ಪೂರ್ತಿ ಮುಚ್ಚಿ ತೆರೆಯಿರಿ. ಹಾಗೇ ಹಳೇ ಶೀಟಲ್ಲಿ ಬ್ಯಾಚ್ C ಕಾಲಂನಲ್ಲಿದ್ದರೆ, ಪಕ್ಕದ ಖಾಲಿ ಕಾಲಂನಲ್ಲಿ ಇದನ್ನು ಎಳೆದು ನೋಡಿ:

```
=ISNUMBER(C2)
```

`TRUE` ಬಂದ ಸಾಲನ್ನು ಚಲನ್ ಇಟ್ಟುಕೊಂಡು ನೋಡಿ. ಬರೀ ಅಂಕಿಯ ಬ್ಯಾಚೂ ಅದರಲ್ಲಿ ಬರುತ್ತದೆ, ಶುರುವಿನ ಸೊನ್ನೆ ಹಾರಿದೆಯಾ ನೋಡಿಕೊಳ್ಳಿ. 2.50E+12 ನೋಡಿ ಊಹೆಯಲ್ಲಿ ತಿದ್ದಬೇಡಿ. 25E011, 25E11 ಎರಡೂ ಅದೇ ಸಂಖ್ಯೆ ಆಗುತ್ತವೆ.

ಸ್ಟೋರ್_ತುಮಕೂರು:
7 ಸಾಲು ಸಿಕ್ಕವು. 5ಕ್ಕೆ ಚಲನ್ ಫೈಲ್‌ನಲ್ಲೇ ಇತ್ತು, ಸರಿ ಮಾಡಿದೆ. ಉಳಿದ ಎರಡರ ಮೂಟೆ ಖಾಲಿಯಾಗಿವೆ, ಚೀಲ ಗುಜರಿಗೆ ಹೋಗಿವೆ. ಸಪ್ಲೈಯರ್‌ಗೆ ಮೇಲ್ ಹಾಕಿದ್ದೇನೆ.