ಕಾಂಪೋಸ್ಟ್ ಪ್ರಾಕ್ಟಿಕಲ್ ರೆಕಾರ್ಡ್: ಲೆಕ್ಕದಲ್ಲಿ ಸಿ:ಎನ್ 32.5 ಬಂದರೂ ರಾಶಿ ಯಾಕೆ ಕಾಯಲಿಲ್ಲ?

ಪ್ರಶ್ನೆ (ಕೃಷಿ ಬಿಎಸ್ಸಿ ವಿದ್ಯಾರ್ಥಿ): ನಮ್ಮ ತಂಡ 100 ಕೆಜಿ ಭತ್ತದ ಹುಲ್ಲು, 100 ಕೆಜಿ ಹಸಿ ಸಗಣಿ ಸೇರಿಸಿ ರಾಶಿ ಹಾಕಿದ್ದೇವೆ. ಹುಲ್ಲಿನಲ್ಲಿ ಇಂಗಾಲ 42%, ಸಾರಜನಕ 0.6%. ಸಗಣಿಯಲ್ಲಿ 36% ಮತ್ತು 1.8%. ಕೂಡಿಸಿದರೆ 78 ಕೆಜಿ ಇಂಗಾಲ, 2.4 ಕೆಜಿ ಸಾರಜನಕ, ಅಂದರೆ 32.5:1. ಚೆನ್ನಾಗಿದೆ ಅಂದುಕೊಂಡೆವು. ಆದರೆ ವಾರ ಕಳೆದರೂ ರಾಶಿಯ ಒಳಗೆ 38 ಡಿಗ್ರಿ ದಾಟಲಿಲ್ಲ. ರೆಕಾರ್ಡ್ ಮೇಲೆ ‘ಲೆಕ್ಕ ಮತ್ತೆ ಮಾಡಿ’ ಅಂತ ಕೆಂಪು ಶಾಯಿಯಲ್ಲಿ ಬರೆದು ವಾಪಸ್ ಕೊಟ್ಟಿದ್ದಾರೆ. ತಪ್ಪು ಎಲ್ಲಿದೆ?

ಮಣ್ಣು ವಿಜ್ಞಾನದ ಬೋಧಕಿ: ಸಗಣಿಯ ನೀರನ್ನೂ ಸಗಣಿ ಅಂತಲೇ ಲೆಕ್ಕ ಹಾಕಿದ್ದೀರಿ. ನೀವು ಬರೆದ ಶೇಕಡಾ ಅಂಕಿಗಳೆಲ್ಲ ಒಣ ತೂಕಕ್ಕೆ ಸೇರಿದವು, ಗುಣಿಸಿದ್ದು ಮಾತ್ರ ಹಸಿ ತೂಕದಿಂದ. ಹಸಿ ಸಗಣಿಯಲ್ಲಿ ಸುಮಾರು 80% ನೀರು. 100 ಕೆಜಿಯಲ್ಲಿ ಒಣ ಪದಾರ್ಥ ಇರುವುದು 20 ಕೆಜಿ, ಸಾರಜನಕ 0.36 ಕೆಜಿ. ನೀವು ಹಿಡಿದಿದ್ದು 1.8 ಕೆಜಿ, ಅಂದರೆ ಐದು ಪಟ್ಟು. ಹುಲ್ಲಿನಲ್ಲಿ ತೇವ ಸುಮಾರು 10% ಅಷ್ಟೇ ಆದ್ದರಿಂದ ಅಲ್ಲಿ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಹಾಗಾಗಿ ತಪ್ಪೆಲ್ಲ ಒಂದೇ ಕಡೆ ವಾಲಿ, ಕಾಗದದ ಮೇಲೆ ಅನುಪಾತ ಚೆಂದ ಕಂಡಿದೆ.

ರೆಕಾರ್ಡ್‌ನಲ್ಲಿ ಬರೆಯಬೇಕಾದ ಸೂತ್ರ ಇದು. W ಹಸಿ ತೂಕ, M ತೇವಾಂಶದ ಶೇಕಡಾ.

```
C:N = Σ[W × (100 − M) × C%] / Σ[W × (100 − M) × N%]
```

ನಿಮ್ಮ ಅಂಕಿಗಳನ್ನೇ ಹಾಕೋಣ. ಹುಲ್ಲು ಒಣ ತೂಕದಲ್ಲಿ 90 ಕೆಜಿ, ಅದರಲ್ಲಿ ಇಂಗಾಲ 37.8, ಸಾರಜನಕ 0.54. ಸಗಣಿ 20 ಕೆಜಿ, ಅದರಲ್ಲಿ 7.2 ಮತ್ತು 0.36. ಒಟ್ಟು ಇಂಗಾಲ 45 ಕೆಜಿ, ಸಾರಜನಕ 0.90 ಕೆಜಿ. ಅನುಪಾತ 50:1. ಶುರುವಿಗೆ 25ರಿಂದ 30ರ ಆಸುಪಾಸು ಬೇಕು. 50ರಲ್ಲಿ ಸೂಕ್ಷ್ಮಜೀವಿಗಳಿಗೆ ತಿನ್ನಲು ಇಂಗಾಲ ಬೇಕಾದಷ್ಟಿದೆ, ಮೈ ಬೆಳೆಸಲು ಸಾರಜನಕ ಸಾಲದು. ಅವು ಹೆಚ್ಚದಿದ್ದರೆ ಶಾಖವೂ ಹುಟ್ಟುವುದಿಲ್ಲ.

ಇನ್ನೊಂದು ಕಾರಣವೂ ಇದೇ ಲೆಕ್ಕದಲ್ಲಿದೆ. ಒಟ್ಟು 200 ಕೆಜಿಯಲ್ಲಿ ಒಣ ಪದಾರ್ಥ 110, ಉಳಿದ ನೀರು 90, ತೇವಾಂಶ 45%. 50ರಿಂದ 60% ಇರಬೇಕಾದ ಕಡೆ ಇದು ಒಣಗಲೇ. ಹಿಡಿ ಮುಷ್ಟಿಯಷ್ಟು ತೆಗೆದು ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸರಿ, ನಿಮ್ಮದರಲ್ಲಿ ಅಂಗೈ ಕೂಡ ಒದ್ದೆಯಾಗುವುದು ಅನುಮಾನ.

ಕೃಷಿ ಡಿಪ್ಲೊಮಾ ಮುಗಿಸಿದವರು: ಇಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ ತಮ್ಮಾ, ಯೂರಿಯಾ ಹಾಕಿ. 45 ಕೆಜಿ ಇಂಗಾಲಕ್ಕೆ 30:1 ಬೇಕಾದರೆ ಸಾರಜನಕ 1.5 ಕೆಜಿ. ಇರುವುದು 0.9. ಕೊರತೆ 0.6 ಕೆಜಿ. ಯೂರಿಯಾದಲ್ಲಿ 46% ಸಾರಜನಕ, ಅಂದರೆ 1.3 ಕೆಜಿ ಯೂರಿಯಾ ಸಾಕು. ಮುಗೀತು.

ಬೋಧಕಿ: ಗಣಿತ ಸರಿಯಿದೆ. ಆದರೆ ಯೂರಿಯಾದಿಂದ ತೇವಾಂಶ 45ರಲ್ಲೇ ಉಳಿಯುತ್ತದೆ, ಅದನ್ನು 55ಕ್ಕೆ ತರಲು ಇನ್ನೂ ಸುಮಾರು 44 ಲೀಟರ್ ನೀರು ಬೇಕು. ಯೂರಿಯಾವನ್ನು ಆ ನೀರಿನಲ್ಲೇ ಕರಗಿಸಿ, ರಾಶಿ ಬಿಚ್ಚಿ, ಪದರ ಪದರಕ್ಕೆ ಚಿಮುಕಿಸಿದರೆ ಮಾತ್ರ ಎಲ್ಲ ಕಡೆ ಸೇರುತ್ತದೆ. ಮೇಲಿಂದ ಹರಳು ಎರಚಿದರೆ ಬಿದ್ದ ಜಾಗದಲ್ಲಿ ಅಮೋನಿಯಾ ಆಗಿ ಹಾರಿಹೋಗುತ್ತದೆ, ಒಳಗಿನ ಹುಲ್ಲು ಹಸಿದೇ ಇರುತ್ತದೆ. ಯೂರಿಯಾದ ಸಾರಜನಕ ಬೇಗ ಬಿಡುಗಡೆಯಾಗುತ್ತದೆ, ಹುಲ್ಲಿನ ಇಂಗಾಲ ನಿಧಾನ. ಈ ಹೊಂದಾಣಿಕೆ ಇಲ್ಲದಿರುವುದೇ ನಷ್ಟಕ್ಕೆ ಕಾರಣ. ಇನ್ನು ಪ್ರಾಕ್ಟಿಕಲ್ ಸಾವಯವ ಕೃಷಿ ಕೋರ್ಸಿನದಾದರೆ ಯೂರಿಯಾದ ಮಾತೇ ಬರುವುದಿಲ್ಲ.

ಬೇಲಿಯಲ್ಲಿ ಗ್ಲಿರಿಸಿಡಿಯಾ ಇದ್ದರೆ ಅದನ್ನೇ ಬಳಸಿ. ತೇವ 75%, ಒಣ ತೂಕದಲ್ಲಿ ಇಂಗಾಲ 44%, ಸಾರಜನಕ 3% ಅಂತ ಹಿಡಿಯೋಣ. ಒಂದು ಕೆಜಿ ಹಸಿ ಸೊಪ್ಪಿನಿಂದ ಇಂಗಾಲ 0.11 ಕೆಜಿ, ಸಾರಜನಕ 0.0075 ಕೆಜಿ ಸಿಗುತ್ತದೆ. ಎಷ್ಟು ಬೇಕು ಅನ್ನುವುದನ್ನು x ಎಂದಿಟ್ಟು ಬಿಡಿಸಿ:

```
(45 + 0.11x) / (0.90 + 0.0075x) = 30
45 + 0.11x = 27 + 0.225x
x = 18 / 0.115 = 156.5
```

ಸುಮಾರು 157 ಕೆಜಿ ಸೊಪ್ಪು. ತೇವಾಂಶವನ್ನೂ ಇದರ ಜೊತೆಯಲ್ಲೇ ನೋಡಿ: ಒಣ ಪದಾರ್ಥ 149 ಕೆಜಿ, ಒಟ್ಟು ತೂಕ 357 ಕೆಜಿ, ಹಾಗಾಗಿ ತೇವ 58%. ಬೇರೆ ನೀರು ಹಾಕಬೇಕಾಗಿಲ್ಲ. ಅಷ್ಟು ಸೊಪ್ಪು ಸಿಗದಿದ್ದರೆ 100 ಕೆಜಿ ಹಾಕಿ. ಅನುಪಾತ 34ರ ಹತ್ತಿರ, ತೇವ 55%. ಹುಲ್ಲಿನ ಇಂಗಾಲದಲ್ಲಿ ಒಂದು ಪಾಲು ಲಿಗ್ನಿನ್‌ನಲ್ಲಿ ಸಿಕ್ಕಿಕೊಂಡು ಬೇಗ ಕರಗುವುದಿಲ್ಲ, ಆದ್ದರಿಂದ ಹುಲ್ಲಿನ ರಾಶಿಗೆ 34 ಕೂಡ ನಡೆಯುತ್ತದೆ. ಹುಲ್ಲನ್ನು ನಾಲ್ಕು ಬೆರಳುದ್ದ ಕತ್ತರಿಸದೆ ಹಾಗೇ ಹಾಕಿದ್ದರೆ ಮಾತ್ರ ಯಾವ ಅನುಪಾತವೂ ನಿಮ್ಮನ್ನು ಕಾಪಾಡುವುದಿಲ್ಲ.

ಬೆಂಗಳೂರಿನ ಗೃಹಿಣಿ: ನಮ್ಮ ಬಾಲ್ಕನಿ ಡ್ರಮ್ಮಲ್ಲೂ ಹೀಗೇ ಆಗಿದೆ, ಕೊಳೆತ ಮೊಟ್ಟೆ ವಾಸನೆ! ನಾನೂ ಗ್ಲಿರಿಸಿಡಿಯಾ ಸೊಪ್ಪು ಹಾಕಲಾ?

ಬೋಧಕಿ: ಬೇಡ ಅಕ್ಕಾ, ನಿಮ್ಮದು ಇವರದಕ್ಕೆ ಉಲ್ಟಾ. ಅಡುಗೆಮನೆ ಕಸದಲ್ಲಿ ನೀರು ಜಾಸ್ತಿ, ಗಾಳಿ ಆಡುತ್ತಿಲ್ಲ. ಹಸಿ ಸೊಪ್ಪು ಹಾಕಿದರೆ ಇನ್ನೂ ಕೆಡುತ್ತದೆ. ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಬೆರೆಸಿ, ತಳದ ತೂತು ಮುಚ್ಚಿದೆಯೇ ನೋಡಿ.

ವಿದ್ಯಾರ್ಥಿ: ಮೇಡಂ, ಗುಂಪಿನ ಇನ್ನೊಬ್ಬ (70+20)/2 = 45 ಅಂತ ಬರೆದಿದ್ದಾನೆ. ಅದು 50ಕ್ಕೆ ಹತ್ತಿರ ಇದೆಯಲ್ಲ, ಹಾಗೆ ಬರೆದರೆ ಆಗುತ್ತಾ?

ಬೋಧಕಿ: ಆಗದು. ಅನುಪಾತಗಳನ್ನು ನೇರ ಸರಾಸರಿ ಮಾಡುವುದು ಎರಡೂ ಪದಾರ್ಥಗಳಿಂದ ಬರುವ ಸಾರಜನಕ ಸಮವಾಗಿದ್ದಾಗ ಮಾತ್ರ ಸರಿ. ನೀವು ಸಗಣಿ 150 ಕೆಜಿ ಹಾಕಿದ್ದರೆ ಎರಡೂ ಕಡೆ 0.54 ಆಗಿ, ಅವನ ಉತ್ತರ ಆಕಸ್ಮಿಕವಾಗಿ ಹೊಂದುತ್ತಿತ್ತು. ಇಂಗಾಲವನ್ನು ಕೆಜಿಯಲ್ಲಿ ಕೂಡಿ, ಸಾರಜನಕವನ್ನು ಕೆಜಿಯಲ್ಲಿ ಕೂಡಿ, ಭಾಗಾಕಾರ ಕೊನೆಗೆ ಒಂದೇ ಸಲ.

ಮಣ್ಣು ಪ್ರಯೋಗಾಲಯದ ತಂತ್ರಜ್ಞ: ಒಂದು ವಿಷಯ ಸೇರಿಸುತ್ತೇನೆ. ಈ ಶೇಕಡಾಗಳನ್ನು ಪುಸ್ತಕದಿಂದ ತೆಗೆದುಕೊಂಡಿದ್ದರೆ ‘ಪುಸ್ತಕದ ಮೌಲ್ಯ’ ಅಂತ ಕೋಷ್ಟಕದಲ್ಲೇ ಬರೆಯಿರಿ. ತೇವಾಂಶವನ್ನಾದರೂ ನೀವೇ ಅಳೆಯಲೇಬೇಕು. ಮಳೆ ಬಿದ್ದ ಹುಲ್ಲಿನಲ್ಲಿ 10% ಎಲ್ಲಿ ಉಳಿಯುತ್ತದೆ? ಮಾದರಿಯನ್ನು ತೂಗಿ, 105 ಡಿಗ್ರಿ ಓವನ್‌ನಲ್ಲಿ ತೂಕ ಬದಲಾಗದ ತನಕ ಒಣಗಿಸಿ. ಆದರೆ ಇದೇ ಸಗಣಿ ಮಾದರಿಯನ್ನು ಜೆಲ್ಡಾಲ್‌ಗೆ ಕೊಡಬೇಡಿ. ಆ ಶಾಖಕ್ಕೆ ಅಮೋನಿಯಾ ಹೋಗಿ ಸಾರಜನಕ ಕಡಿಮೆ ತೋರಿಸುತ್ತದೆ. ಅದಕ್ಕೆ ಹಸಿ ಮಾದರಿಯನ್ನೇ ಬೇರೆ ತೆಗೆದಿಡಿ. ಇಂಗಾಲಕ್ಕೆ ಮಫಲ್ ಫರ್ನೇಸಿನಲ್ಲಿ 550 ಡಿಗ್ರಿಗೆ ಸುಟ್ಟು, ಬೂದಿಯ ಶೇಕಡಾವನ್ನು 100ರಿಂದ ಕಳೆದು 1.8ರಿಂದ ಭಾಗಿಸುತ್ತೇವೆ.

ವಿದ್ಯಾರ್ಥಿ: ಸರ್, ಕೊನೆಯ ಫಲಿತಾಂಶದಲ್ಲಿ ‘ಸಾರಜನಕ ಹೆಚ್ಚಾಯಿತು’ ಅಂತ ಸೀನಿಯರ್ ರೆಕಾರ್ಡಲ್ಲಿ ಇದೆ. ಹಾಗೇ ಬರೆಯಬಹುದಾ?

ತಂತ್ರಜ್ಞ: ಶೇಕಡಾ ಹೆಚ್ಚಿತು ಅಂತ ಬರೆಯಿರಿ. ಕೆಜಿಯಲ್ಲಿ ನೋಡಿದರೆ ಸಾಮಾನ್ಯವಾಗಿ ಕಡಿಮೆಯೇ ಆಗಿರುತ್ತದೆ. ಮೇಡಂ ಹೇಳಿದ 149 ಕೆಜಿ ಒಣ ಮಿಶ್ರಣವನ್ನೇ ಉದಾಹರಣೆಗೆ ಹಿಡಿಯೋಣ. ಶುರುವಿನಲ್ಲಿ ಸಾರಜನಕ 2.07 ಕೆಜಿ, ಅಂದರೆ 1.39%. ಕೊನೆಗೆ 80 ಕೆಜಿ ಒಣ ಗೊಬ್ಬರ ಉಳಿದು, ಅದರಲ್ಲಿ ಇಂಗಾಲ 30%, ಸಾರಜನಕ 2% ಬಂತು ಎನ್ನಿ. ಅನುಪಾತ 15:1, ಗೊಬ್ಬರಕ್ಕೆ ಕೇಳುವ 20ರ ಮಿತಿಯೊಳಗೇ ಇದೆ. ಆದರೆ ಸಾರಜನಕ ಉಳಿದಿದ್ದು 1.6 ಕೆಜಿ, ಹೋಗಿದ್ದು 0.47 ಕೆಜಿ. ಇಂಗಾಲ 62ರಿಂದ 24 ಕೆಜಿಗೆ ಇಳಿದಿದ್ದರಿಂದ ಶೇಕಡಾ ಏರಿದೆ. ಈ ನಷ್ಟವನ್ನು ಕೆಜಿಯಲ್ಲಿ ತೋರಿಸಿದ ರೆಕಾರ್ಡ್ ಅಪರೂಪ, ವೈವಾದಲ್ಲಿ ಕೇಳುವುದೂ ಇದನ್ನೇ.

ಕೊನೆಯಲ್ಲಿ ರಾಶಿ ತೂಗಲು ಆಗದಿದ್ದರೆ ಬೂದಿಯ ಲೆಕ್ಕ ಸಹಾಯಕ್ಕೆ ಬರುತ್ತದೆ. ಬೂದಿ ಎಲ್ಲೂ ಹಾರಿಹೋಗುವುದಿಲ್ಲ. ಶುರುವಿನಲ್ಲಿ 25%, ಕೊನೆಯಲ್ಲಿ 46% ಇದ್ದರೆ ಉಳಿದ ಒಣ ತೂಕ 25/46, ಅಂದರೆ ಮೊದಲಿನ 54%, ಸುಮಾರು 81 ಕೆಜಿ. ಮಗುಚುವಾಗ ನೆಲದ ಮಣ್ಣು ಸೇರಿದ್ದರೆ ಮಾತ್ರ ಈ ಲೆಕ್ಕ ಕೆಡುತ್ತದೆ.

ಬೋಧಕಿ: ಹಾಂ, ಈಗಿನ ರಾಶಿಯ ಉಷ್ಣತೆಯ ಅಂಕಿಗಳನ್ನು ಅಳಿಸಬೇಡಿ. 38 ಡಿಗ್ರಿಯ ಕೋಷ್ಟಕ ಹಾಗೇ ಇರಲಿ, ಸೊಪ್ಪು ಬೆರೆಸಿದ ದಿನಾಂಕ ಬರೆದು, ಅದರ ಕೆಳಗೆ ಹೊಸ ಅಂಕಿಗಳನ್ನು ಮುಂದುವರಿಸಿ. ಒಂದೇ ಹೊತ್ತಿಗೆ, ಮೂರು ಜಾಗದಲ್ಲಿ, 30 ಸೆಂ.ಮೀ. ಆಳದಲ್ಲಿ ಅಳೆದು, ಪಕ್ಕದಲ್ಲಿ ಗಾಳಿಯ ಉಷ್ಣತೆಯನ್ನೂ ಬರೆಯಿರಿ. ರಾಶಿ ಕನಿಷ್ಠ ಒಂದು ಮೀಟರ್ ಎತ್ತರ, ಅಗಲ ಇರಲಿ, ಚಿಕ್ಕದಾದರೆ ಹುಟ್ಟಿದ ಶಾಖ ಅಲ್ಲೇ ಆರಿಹೋಗುತ್ತದೆ. 55 ಡಿಗ್ರಿ ದಾಟಿದರೆ ಲೆಕ್ಕ ತಿದ್ದಿದ್ದಕ್ಕೆ ಅದೇ ಸಾಕ್ಷಿ.

ಡಿಪ್ಲೊಮಾ ಮುಗಿಸಿದವರು: ಬೂದಿಗೆ 1.8 ಯಾಕೆ? ನಮಗೆ 1.724 ಅಂತ ಕಲಿಸಿದ್ದರು.

ತಂತ್ರಜ್ಞ: 1.724 ಮಣ್ಣಿನ ಸಾವಯವ ಪದಾರ್ಥದಲ್ಲಿ 58% ಇಂಗಾಲ ಇದೆ ಎಂಬ ಊಹೆಯಿಂದ ಬಂದದ್ದು. ಹಸಿ ಸೊಪ್ಪು, ಹುಲ್ಲಿಗೆ ಅದು ಇಂಗಾಲವನ್ನು ಹೆಚ್ಚು ತೋರಿಸುತ್ತದೆ.

ಬೋಧಕಿ: ಹುಲ್ಲಿಗೆ 1.8 ಕೂಡ ಹೆಚ್ಚೇ ತೋರಿಸುತ್ತದೆ ಅಂತ ನನ್ನ ಅಭಿಪ್ರಾಯ, ನಾನು 2ರಿಂದ ಭಾಗಿಸುತ್ತೇನೆ.

ತಂತ್ರಜ್ಞ: ಹುಲ್ಲಿಗೆ ಒಪ್ಪಬಹುದು ಮೇಡಂ, ಮಾಗಿದ ಗೊಬ್ಬರಕ್ಕೆ 2 ಒಪ್ಪಲಾರೆ. ಶುರುವಿಗೊಂದು, ಕೊನೆಗೊಂದು ಬಳಸಿದರೆ ಇಂಗಾಲದ ನಷ್ಟವೇ ಬೇರೆ ಬರುತ್ತದೆ. ತಮ್ಮಾ, ನಿಮ್ಮ ಪರೀಕ್ಷಕರು ಯಾವುದನ್ನು ಬಳಸುತ್ತಾರೆ ಅಂತ ಮೊದಲೇ ಕೇಳಿಕೊಂಡು, ಆ ಸಂಖ್ಯೆಯನ್ನು ಕೋಷ್ಟಕದ ಮೇಲೆ ಬರೆಯಿರಿ.