ಸೊಲೆನಾಯ್ಡನ್ನು ಸುತ್ತುವರಿದ ಉಂಗುರಕ್ಕೆ ತಾಗುವುದೇನು? ಅವೇ ಬಿಂದುಗಳು, ಎರಡು ಮೀಟರು, ಎರಡು ಅಂಕಿ

ಕೇಳಿದವರು: ಪದವಿ ತರಗತಿಯ ಉಪನ್ಯಾಸಕ

ಉದ್ದನೆಯ ಸೊಲೆನಾಯ್ಡಿನ ಹೊರಗೆ ಕಾಂತಕ್ಷೇತ್ರ ಇಲ್ಲವೆಂದೇ ಪಾಠ ಹೇಳುತ್ತೇವೆ. ಆದರೂ ಅದನ್ನು ಸುತ್ತುವರಿದ ತಂತಿಯ ಉಂಗುರದಲ್ಲಿ ಕರೆಂಟ್ ಹರಿಯುತ್ತದೆ. ಹಾಗಾದರೆ ಉಂಗುರಕ್ಕೆ ತಾಗುವುದಾದರೂ ಏನು? ಅವೇ ಎರಡು ಬಿಂದುಗಳಿಗೆ ಜೋಡಿಸಿದ ಎರಡು ವೋಲ್ಟ್‌ಮೀಟರುಗಳು ಬೇರೆ ಬೇರೆ ಅಂಕಿ ತೋರಿಸುವುದನ್ನು ವಿದ್ಯಾರ್ಥಿಗಳಿಗೆ ಹೇಗೆ ವಿವರಿಸಿದ್ದೀರಿ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಪ್ರಯೋಗಾಲಯದ ಬೋಧಕಿ

ಉಂಗುರದ ಎಲೆಕ್ಟ್ರಾನುಗಳನ್ನು ತಳ್ಳುವುದು ವಿದ್ಯುತ್ ಕ್ಷೇತ್ರ, ಮತ್ತು ಅದು ಉಂಗುರವಿರುವ ಜಾಗದಲ್ಲಿಯೇ, ತಂತಿಯ ಒಳಗೇ ಇದೆ. ಸೊಲೆನಾಯ್ಡಿನೊಳಗಿನ ಫ್ಲಕ್ಸ್ ಬದಲಾಗುತ್ತಿರುವಷ್ಟು ಹೊತ್ತೂ ಅಕ್ಷವನ್ನು ಸುತ್ತುವ ವಿದ್ಯುತ್ ಕ್ಷೇತ್ರವೊಂದು ಹೊರಗೂ ಹರಡಿಕೊಂಡಿರುತ್ತದೆ. ಉಂಗುರವನ್ನು ತೆಗೆದಿಟ್ಟರೂ ಅದು ಅಲ್ಲಿಯೇ ಇರುತ್ತದೆ. ಆದ್ದರಿಂದ ನಾನು ತರಗತಿಯಲ್ಲಿ ಉಂಗುರವನ್ನು ಮೊದಲಿಗೆ ತರುವುದಿಲ್ಲ, ಖಾಲಿ ಜಾಗದಲ್ಲಿ ಒಂದು ವೃತ್ತವನ್ನು ಮಾತ್ರ ಬರೆಯುತ್ತೇನೆ.

ಮೀಟರಿಗೆ 1000 ಸುತ್ತುಗಳಿರುವ, 2 ಸೆಂ.ಮೀ. ತ್ರಿಜ್ಯದ ಸೊಲೆನಾಯ್ಡಿನಲ್ಲಿ 50 ಹರ್ಟ್ಜ್‌ನ ಕರೆಂಟ್ ಹರಿಯುತ್ತಿದೆ, ಅದರ ಗರಿಷ್ಠ ಮೌಲ್ಯ 2 ಆಂಪಿಯರ್ ಎಂದಿಟ್ಟುಕೊಳ್ಳಿ. ಒಳಗಿನ ಕಾಂತಕ್ಷೇತ್ರ ಗರಿಷ್ಠವೆಂದರೆ ಸುಮಾರು 2.5 ಮಿಲಿಟೆಸ್ಲಾ, ಅದು ಬದಲಾಗುವ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 0.8 ಟೆಸ್ಲಾ. ಇದನ್ನು ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದರೆ ಸರಿಸುಮಾರು 1 ಮಿಲಿವೋಲ್ಟ್ ಬರುತ್ತದೆ. ಸೊಲೆನಾಯ್ಡನ್ನು ಒಮ್ಮೆ ಸುತ್ತುವ ಯಾವುದೇ ದಾರಿಗೆ ದಕ್ಕುವ ಇ.ಎಂ.ಎಫ್. ಇದೇ. 5 ಸೆಂ.ಮೀ. ತ್ರಿಜ್ಯದ ವೃತ್ತದಲ್ಲಿ ಇದು 31 ಸೆಂ.ಮೀ. ಉದ್ದಕ್ಕೆ ಹಂಚಿಹೋಗುವುದರಿಂದ ಕ್ಷೇತ್ರ ಮೀಟರಿಗೆ 3.2 ಮಿಲಿವೋಲ್ಟ್ ಆಗುತ್ತದೆ, 10 ಸೆಂ.ಮೀ. ತ್ರಿಜ್ಯದಲ್ಲಿ ಅದರ ಅರ್ಧ. ದೂರ ಹೋದಂತೆ ಕ್ಷೇತ್ರ ಕುಗ್ಗುತ್ತದೆ, ದಾರಿ ಅಷ್ಟೇ ಪಾಲು ಹಿಗ್ಗುತ್ತದೆ, ಗುಣಲಬ್ಧ ಮಾತ್ರ ಕದಲುವುದಿಲ್ಲ.

ಸಂರಕ್ಷಿತ ಕ್ಷೇತ್ರವಲ್ಲ ಎಂಬ ಮಾತಿನ ತಿರುಳು ಇಲ್ಲಿದೆ. ಸ್ಥಿರ ಆವೇಶಗಳ ಕ್ಷೇತ್ರದಲ್ಲಿ ಒಂದು ಆವೇಶವನ್ನು ಹೇಗೆ ಸುತ್ತಾಡಿಸಿ ಹೊರಟ ಜಾಗಕ್ಕೆ ತಂದರೂ ಕೆಲಸದ ಲೆಕ್ಕ ಸೊನ್ನೆಗೆ ಬಂದು ನಿಲ್ಲುತ್ತದೆ. ಇಲ್ಲಿ ಈ ಕ್ಷಣದ ಕ್ಷೇತ್ರದಲ್ಲಿ ಒಂದು ಸುತ್ತಿಗೆ ಪ್ರತಿ ಕೂಲಂಬಿಗೆ 1 ಮಿಲಿಜೌಲ್ ಲಾಭವಾದರೆ, ಎರಡು ಸುತ್ತಿಗೆ ಎರಡು, ಎದುರು ದಿಕ್ಕಿನಲ್ಲಿ ಸುತ್ತಿದರೆ ಅಷ್ಟೇ ನಷ್ಟ. ಹೊರಟ ಬಿಂದುವಿಗೆ ಒಂದೇ ಒಂದು ವಿಭವವನ್ನು ಬರೆದಿಡಲು ಆಗುವುದಿಲ್ಲ.

ಈಗ ಉಂಗುರವನ್ನು ಇಡೋಣ. ಎಲ್ಲೆಡೆ ಒಂದೇ ದಪ್ಪದ ತಾಮ್ರದ ಉಂಗುರವಾದರೆ, ಕ್ಷೇತ್ರ ಪ್ರತಿ ತುಣುಕನ್ನೂ ಸಮನಾಗಿ ತಳ್ಳುತ್ತದೆ, ರೋಧವೂ ಸಮನಾಗಿ ತಡೆಯುತ್ತದೆ. ಆವೇಶ ಎಲ್ಲಿಯೂ ಗುಡ್ಡೆ ಬೀಳುವ ಅಗತ್ಯವಿಲ್ಲ. ಉಂಗುರವನ್ನು ಒಂದು ಕಡೆ ಕತ್ತರಿಸಿದರೆ ಚಿತ್ರ ಬದಲಾಗುತ್ತದೆ. ಎಲೆಕ್ಟ್ರಾನುಗಳು ಸಂದಿನ ಒಂದು ತುದಿಯಲ್ಲಿ ಸೇರಿಕೊಳ್ಳುತ್ತವೆ, ಇನ್ನೊಂದು ತುದಿಯಲ್ಲಿ ಕೊರತೆ ಬೀಳುತ್ತದೆ, ಈ ಆವೇಶಗಳ ಸ್ವಂತ ಕ್ಷೇತ್ರವು ತಂತಿಯೊಳಗಿನ ಪ್ರೇರಿತ ಕ್ಷೇತ್ರವನ್ನು ಎಲ್ಲೆಡೆ ಅಳಿಸಿಹಾಕುವವರೆಗೆ ಇದು ನಡೆಯುತ್ತದೆ. ಆಗ ಒಂದು ಮಿಲಿವೋಲ್ಟ್ ಪೂರ್ತಿ ಸಂದಿನಲ್ಲಿ ಕಾಣಿಸುತ್ತದೆ. ನನ್ನ ಮಟ್ಟಿಗೆ, ವಿದ್ಯಾರ್ಥಿಗಳಿಗೆ ದಾರಿ ತೆರೆಯುವುದು ಈ ಕತ್ತರಿಸಿದ ಉಂಗುರವೇ, ಏಕೆಂದರೆ ತಂತಿಯಲ್ಲಿ ಎರಡು ಬಗೆಯ ಕ್ಷೇತ್ರಗಳು ಒಟ್ಟಿಗೆ ಇರುತ್ತವೆ ಎಂಬುದು ಅದರಲ್ಲಿಯೇ ಮೊದಲು ಗೋಚರವಾಗುತ್ತದೆ.

ಎಂ.ಎಸ್ಸಿ. ವಿದ್ಯಾರ್ಥಿ

ಮೇಡಂ, ಒಂದು ಆಕ್ಷೇಪವಿದೆ. ಸೊಲೆನಾಯ್ಡಿನ ಹೊರಗೆ ಕಾಂತಕ್ಷೇತ್ರ ಸೊನ್ನೆಯಾದ್ದರಿಂದ ಅಲ್ಲಿ ವಿದ್ಯುತ್ ಕ್ಷೇತ್ರದ ಕರ್ಲ್ ಕೂಡ ಸೊನ್ನೆ. ಕರ್ಲ್ ಸೊನ್ನೆಯಾದರೆ ಆ ಕ್ಷೇತ್ರ ಸಂರಕ್ಷಿತ, ಅದಕ್ಕೆ ವಿಭವ ಇದ್ದೇ ಇರಬೇಕು. ಅಂದ ಮೇಲೆ ಹೊರಗಿನ ಕ್ಷೇತ್ರವನ್ನು ಸಂರಕ್ಷಿತವಲ್ಲ ಎನ್ನುವುದು ಹೇಗೆ?

ಪ್ರಯೋಗಾಲಯದ ಬೋಧಕಿ

ನಿಮ್ಮ ಮೊದಲ ವಾಕ್ಯ ಸಂಪೂರ್ಣ ಸರಿ, ಎರಡನೆಯದಕ್ಕೆ ಒಂದು ಷರತ್ತು ಬೇಕು. ಕರ್ಲ್ ಎಲ್ಲೆಡೆ ಸೊನ್ನೆಯಾಗಿರುವ ಪ್ರದೇಶದಲ್ಲಿ ರಂಧ್ರವಿರಬಾರದು, ಅಂದರೆ ಅಲ್ಲಿನ ಪ್ರತಿಯೊಂದು ಮುಚ್ಚಿದ ದಾರಿಯನ್ನೂ ಆ ಪ್ರದೇಶವನ್ನು ಬಿಟ್ಟು ಹೋಗದೆ ಬಿಂದುವಾಗಿ ಕುಗ್ಗಿಸಲು ಬರಬೇಕು. ಸೊಲೆನಾಯ್ಡಿನ ಹೊರಗಿನ ಜಾಗದಲ್ಲಿ ಸೊಲೆನಾಯ್ಡೇ ಒಂದು ರಂಧ್ರ. ಅದನ್ನು ಸುತ್ತದ ದಾರಿಗಳಿಗೆ ನಿಮ್ಮ ತೀರ್ಮಾನ ಅಕ್ಷರಶಃ ಸಲ್ಲುತ್ತದೆ: ಸೊಲೆನಾಯ್ಡಿನ ಪಕ್ಕದಲ್ಲಿ, ಅದನ್ನು ಸುತ್ತುವರಿಯದಂತೆ ಇಟ್ಟ ಉಂಗುರದ ಪ್ರತಿ ತುಣುಕಿನಲ್ಲಿ ಪ್ರೇರಿತ ಕ್ಷೇತ್ರ ಇದ್ದರೂ ಹತ್ತಿರದ ಬದಿಯ ತಳ್ಳುವಿಕೆಯನ್ನು ದೂರದ ಬದಿ ಸರಿದೂಗಿಸುತ್ತದೆ, ಆವೇಶಗಳು ತುಸು ಸರಿದು ನಿಲ್ಲುತ್ತವೆ, ಸುತ್ತುವ ಕರೆಂಟ್ ಹುಟ್ಟುವುದಿಲ್ಲ. ಸುತ್ತುವ ದಾರಿಗೆ ಬಂದರೆ ನಿಮ್ಮ ವಿಭವವು ಸುರುಳಿ ಮೆಟ್ಟಿಲಿನಂತೆ, ಒಂದು ಸುತ್ತು ಬಂದರೆ ಅದೇ ಜಾಗದ ಮೇಲೆಯೇ ಒಂದು ಅಂತಸ್ತು ಎತ್ತರದಲ್ಲಿರುತ್ತೀರಿ.

ಇನ್ನೊಬ್ಬ ಓದುಗರು

ತಾಮ್ರದ ಕೊಳವೆಯೊಳಗೆ ಬಲವಾದ ಆಯಸ್ಕಾಂತವನ್ನು ಬಿಟ್ಟರೆ ಅದು ಬಹಳ ನಿಧಾನವಾಗಿ ಇಳಿಯುತ್ತದೆ. ನಮ್ಮ ತರಗತಿಯಲ್ಲಿ ಅದನ್ನೇ ತೋರಿಸುತ್ತೇನೆ, ಎಲ್ಲರಿಗೂ ಅರ್ಥವಾಗುತ್ತದೆ. ಉಂಗುರ ಕಾಂತರೇಖೆಗಳನ್ನು ಕತ್ತರಿಸಬೇಕು, ಆಗಲೇ ಕರೆಂಟ್ ಬರುತ್ತದೆ ಎಂದು ಹೇಳಿದರೆ ಸಾಕಾಗುತ್ತದೆ.

ಕೇಳಿದವರು

ಆ ಪ್ರಯೋಗ ನನಗೂ ಇಷ್ಟ, ಸರ್. ಆದರೆ ಅಲ್ಲಿ ಕೊಳವೆಯ ಗೋಡೆಯವರೆಗೂ ಆಯಸ್ಕಾಂತದ ಕ್ಷೇತ್ರ ತಲುಪುತ್ತದೆ, ಆಯಸ್ಕಾಂತ ಚಲಿಸುತ್ತಲೂ ಇರುತ್ತದೆ. ನಾನು ಕೇಳಿದ ಉಂಗುರ ಅಲುಗಾಡುವುದಿಲ್ಲ, ಅದು ಕತ್ತರಿಸಲು ಅಲ್ಲಿ ಕಾಂತರೇಖೆಗಳೂ ಇಲ್ಲ.

ಟ್ರಾನ್ಸ್‌ಫಾರ್ಮರ್ ಸುತ್ತುವ ಕೆಲಸದವರು

ಸಿದ್ಧಾಂತ ನನಗೆ ಅಷ್ಟಾಗಿ ತಿಳಿಯದು, ಆದರೆ ಈ ಕ್ಷೇತ್ರ ನಮಗೆ ದಿನವೂ ಎದುರಾಗುತ್ತದೆ. ಉಂಗುರದಾಕಾರದ ಕೋರ್ ಇರುವ ಟ್ರಾನ್ಸ್‌ಫಾರ್ಮರನ್ನು ಪೆಟ್ಟಿಗೆಗೆ ಕೂರಿಸುವಾಗ ಕೋರಿನ ನಡುವಿನ ತೂತಿನಲ್ಲಿ ಒಂದು ಬೋಲ್ಟ್ ಹಾಕುತ್ತೇವೆ. ಆ ಬೋಲ್ಟಿನ ಕೆಳತುದಿ ಲೋಹದ ಪೆಟ್ಟಿಗೆಯ ತಳಕ್ಕೂ ಮೇಲ್ತುದಿ ಅದರ ಮುಚ್ಚಳಕ್ಕೂ ತಾಗಿದರೆ ಬೋಲ್ಟ್, ಮುಚ್ಚಳ, ಪಕ್ಕದ ಗೋಡೆ, ತಳ ಎಲ್ಲ ಸೇರಿ ಕೋರನ್ನು ಸುತ್ತಿದ ಒಂದು ಮುಚ್ಚಿದ ಸುತ್ತಾಗುತ್ತದೆ. ಒಂದು ಸುತ್ತಿಗೆ ಬರುವುದು ವೋಲ್ಟಿನ ಒಂದು ಭಾಗವಷ್ಟೇ ಇರಬಹುದು, ಆದರೆ ದಾರಿಯ ರೋಧ ತೀರಾ ಕಡಿಮೆಯಾದ್ದರಿಂದ ಕರೆಂಟ್ ವಿಪರೀತ ಹರಿದು ಬೋಲ್ಟೂ ಟ್ರಾನ್ಸ್‌ಫಾರ್ಮರೂ ಕಾಯುತ್ತವೆ. ಕಾಂತಕ್ಷೇತ್ರವೆಲ್ಲ ಕೋರಿನೊಳಗೇ ಇದ್ದರೂ ಹೀಗಾಗುತ್ತದೆ.

ಉಪನ್ಯಾಸಕರು ಮಾಡಿ ನೋಡುವುದಾದರೆ ಇಂಥ ಕೋರನ್ನೇ ಬಳಸಲಿ. ಅದರ ಮೇಲೆ ಒಂದೇ ಒಂದು ಸುತ್ತು ತಂತಿ ಹಾಕಿ ಎ.ಸಿ. ಮೀಟರಿನಲ್ಲಿ ನೋಡಿ, ಆ ಅಂಕಿಯನ್ನು ಬರೆದುಕೊಳ್ಳಿ. ಬಳಿಕ ಮೀಟರಿನ ಒಂದು ತಂತಿಯನ್ನು ತೂತಿನಿಂದ ಹೊರಗೆಳೆದು ಪಕ್ಕದಿಂದ ತಂದರೆ ಅಂಕಿ ಸೊನ್ನೆಯ ಹತ್ತಿರ ಬರುತ್ತದೆ. ಮುಟ್ಟುವ ಎರಡು ತುದಿಗಳು ಅವೇ, ತಂತಿ ಬಂದ ದಾರಿಯಷ್ಟೇ ಬೇರೆ.

ಪ್ರಯೋಗಾಲಯದ ಬೋಧಕಿ

ಎರಡು ಮೀಟರುಗಳ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಇಲ್ಲ. ಮೇಲಿನ ನನ್ನ ಉಂಗುರದಲ್ಲಿ ಎದುರುಬದುರಾಗಿ 1 ಓಮ್ ಮತ್ತು 9 ಓಮ್ ರೋಧಕಗಳನ್ನು ಕೂರಿಸಿ, ಅವುಗಳ ನಡುವಿನ ಎರಡು ಬಿಂದುಗಳನ್ನು ಕ ಮತ್ತು ಖ ಎನ್ನಿ. 1 ಮಿಲಿವೋಲ್ಟಿಗೆ 10 ಓಮ್, ಆದ್ದರಿಂದ ಕರೆಂಟ್ 0.1 ಮಿಲಿಆಂಪಿಯರ್. 1 ಓಮ್ ಇರುವ ಬದಿಯಲ್ಲಿ ಇಟ್ಟ ಮೀಟರು 0.1 ಮಿಲಿವೋಲ್ಟ್ ತೋರಿಸುತ್ತದೆ, 9 ಓಮ್ ಬದಿಯದು 0.9 ತೋರಿಸುತ್ತದೆ, ಅದೂ ವಿರುದ್ಧ ಚಿಹ್ನೆಯಲ್ಲಿ. ಎರಡೂ ಮೀಟರುಗಳ ಧನ ತಂತಿ ಕ ಬಿಂದುವಿನಲ್ಲಿಯೇ ಇದೆ ಎಂಬುದನ್ನು ನೆನಪಿಡಿ.

ಪ್ರತಿಯೊಂದು ಮೀಟರೂ ತನ್ನ ತಂತಿಗಳು ಮತ್ತು ತನ್ನ ಬದಿಯ ರೋಧಕದೊಡನೆ ಒಂದು ಸುತ್ತನ್ನು ಕಟ್ಟುತ್ತದೆ, ಆ ಸುತ್ತಿನೊಳಗೆ ಸೊಲೆನಾಯ್ಡ್ ಇಲ್ಲ. ಆದ್ದರಿಂದ ಮೀಟರು ತನ್ನ ಪಕ್ಕದ ರೋಧಕವನ್ನು ಪ್ರಾಮಾಣಿಕವಾಗಿ ಓದುತ್ತದೆ. ಎರಡು ಓದುಗಳ ವ್ಯತ್ಯಾಸ ಸರಿಯಾಗಿ 1 ಮಿಲಿವೋಲ್ಟ್, ಏಕೆಂದರೆ ಎರಡು ಮೀಟರುಗಳ ತಂತಿಗಳು ಸೇರಿ ಆಗುವ ದೊಡ್ಡ ಸುತ್ತಿನೊಳಗೆ ಸೊಲೆನಾಯ್ಡ್ ಇದೆ. ಆ ವ್ಯತ್ಯಾಸ ಬರದಿದ್ದರೆ ಯಾವುದೋ ಒಂದು ಮೀಟರಿನ ತಂತಿ ತಪ್ಪು ಬದಿಯಿಂದ ಹೋಗಿದೆ ಎಂದೇ ತಿಳಿಯಿರಿ. ಎ.ಸಿ. ಮೀಟರು ಚಿಹ್ನೆಯನ್ನು ತೋರಿಸುವುದಿಲ್ಲ, ಅದಕ್ಕೆ ಎರಡು ವಾಹಿನಿಗಳ ಆಸಿಲೋಸ್ಕೋಪ್ ಬೇಕು. ಆದರೆ ಅದರ ಎರಡೂ ಪ್ರೋಬುಗಳ ಭೂತಂತಿಗಳು ಒಳಗೆ ಕೂಡಿಕೊಂಡಿರುವುದರಿಂದ, ಅವು ಸೊಲೆನಾಯ್ಡಿನ ಎರಡು ಬದಿಗಳಿಂದ ಬಂದರೆ ಅವೇ ಮತ್ತೊಂದು ಉಂಗುರವಾಗುತ್ತವೆ. ಡಿಫರೆನ್ಷಿಯಲ್ ಪ್ರೋಬುಗಳಿದ್ದರೆ ಈ ತೊಂದರೆ ಇಲ್ಲ.

ನಿವೃತ್ತ ಪ್ರಾಧ್ಯಾಪಕರು

ಬೋಧಕಿಯವರ ಲೆಕ್ಕವನ್ನು ನಾನು ಒಪ್ಪುತ್ತೇನೆ, ಆದರೆ ಕ ಮತ್ತು ಖ ನಡುವೆ ವಿಭವಾಂತರವೆಂಬುದೇ ಇಲ್ಲ ಎಂಬ ಸಂದೇಶವನ್ನು ವಿದ್ಯಾರ್ಥಿ ಹೊತ್ತುಕೊಂಡು ಹೋಗುವುದನ್ನು ಒಪ್ಪುವುದಿಲ್ಲ. ಸೇರಿಕೊಂಡ ಆವೇಶಗಳ ಕ್ಷೇತ್ರವೊಂದನ್ನೇ ಪ್ರತ್ಯೇಕಿಸಿ ನೋಡಿದರೆ ಅದು ಸಂರಕ್ಷಿತ. ಕ ಮತ್ತು ಖ ಉಂಗುರದ ಎದುರುಬದುರು ಬಿಂದುಗಳಾದ್ದರಿಂದ ಪ್ರತಿ ಅರ್ಧಕ್ಕೆ 0.5 ಮಿಲಿವೋಲ್ಟ್ ಪ್ರೇರಣೆ ಸಿಗುತ್ತದೆ. 1 ಓಮ್ ಇರುವ ಅರ್ಧಕ್ಕೆ ಬೇಕಾದದ್ದು 0.1, ಉಳಿದ 0.4 ಅನ್ನು ಆವೇಶಗಳು ತಡೆಯುತ್ತವೆ. 9 ಓಮ್ ಇರುವ ಅರ್ಧಕ್ಕೆ 0.9 ಬೇಕು, ಕೊರತೆಯಾದ 0.4 ಅನ್ನು ಅವೇ ಆವೇಶಗಳು ತುಂಬುತ್ತವೆ. ಎರಡೂ ಕಡೆ ಒಂದೇ 0.4. ನನ್ನ ದೃಷ್ಟಿಯಲ್ಲಿ ವಿಭವಾಂತರ ಎಂಬ ಹೆಸರಿಗೆ ಅರ್ಹವಾದದ್ದು ಅದೇ, ಮತ್ತು ಉಂಗುರದ ಒಳಗೆ ನಿಜವಾಗಿ ನಡೆಯುವ ಹೊಂದಾಣಿಕೆಯನ್ನು ಹೇಳುವುದೂ ಅದೇ.

ಪ್ರಯೋಗಾಲಯದ ಬೋಧಕಿ

ಸರ್, 0.4 ಅನ್ನು ಅಳೆಯಲೂ ಬಹುದು. ಮೀಟರಿನ ತಂತಿಗಳನ್ನು ಕ ಮತ್ತು ಖ ಬಿಂದುಗಳಿಂದ ನೇರವಾಗಿ ಅಕ್ಷದ ಕಡೆಗೆ, ಸೊಲೆನಾಯ್ಡಿನ ಸುತ್ತುಗಳ ನಡುವೆ ತೂರಿಸಿ ತಂದು, ಅಲ್ಲಿಂದ ಒಟ್ಟಿಗೆ ಹೊಸೆದು ಅಕ್ಷದ ಗುಂಟ ಹೊರಗೆ ಒಯ್ದರೆ, ಪ್ರೇರಿತ ಕ್ಷೇತ್ರ ಆ ತಂತಿಗಳಿಗೆ ಎಲ್ಲೆಡೆ ಲಂಬವಾಗಿರುವುದರಿಂದ ಮೀಟರು 0.4 ಅನ್ನೇ ತೋರಿಸಬೇಕು. ಆದರೆ ಅದೂ ಒಂದು ದಾರಿಯ ಆಯ್ಕೆಯೇ. ಸೊಲೆನಾಯ್ಡ್ ಉಂಗುರದ ನಡುವಿನಿಂದ ಒಂದು ಬದಿಗೆ ಸರಿದರೆ ರೋಧಕಗಳ ಪಕ್ಕದ 0.1 ಮತ್ತು 0.9 ಹಾಗೆಯೇ ಉಳಿಯುತ್ತವೆ, ಅರ್ಧ ಅರ್ಧ ಎಂಬ ನಿಮ್ಮ ಹಂಚಿಕೆ ಬದಲಾಗಿ 0.4 ಮಾತ್ರ ಬೇರೆ ಅಂಕಿಯಾಗುತ್ತದೆ. ಹೀಗಿರುವಾಗ ಅದಕ್ಕೆ ವಿಶೇಷ ಸ್ಥಾನ ಕೊಡಲು ನನಗೆ ಮನಸ್ಸು ಬರುವುದಿಲ್ಲ.

ನಿವೃತ್ತ ಪ್ರಾಧ್ಯಾಪಕರು

ಸೊಲೆನಾಯ್ಡ್ ಸರಿದಾಗ ಉಂಗುರದ ಮೇಲಿನ ಆವೇಶಗಳ ಹಂಚಿಕೆಯೂ ನಿಜವಾಗಿ ಬದಲಾಗುತ್ತದಲ್ಲ, ಆ ಅಂಕಿ ಬದಲಾಗುವುದು ಅದರಿಂದಲೇ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೆಯೇ ಉಳಿಯುತ್ತದೆ.

ಕೇಳಿದವರು

ಇಬ್ಬರಿಗೂ ಧನ್ಯವಾದ. ಒಂದು ಉಪಪ್ರಶ್ನೆ: ಕ್ಷೇತ್ರ ಎಲೆಕ್ಟ್ರಾನುಗಳನ್ನು ಸುತ್ತಲೂ ತಳ್ಳುತ್ತದೆಂದ ಮೇಲೆ ದಾರಕ್ಕೆ ತೂಗುಹಾಕಿದ ಉಂಗುರವೇ ತಿರುಗಬೇಕಲ್ಲವೆ?

ನಿವೃತ್ತ ಪ್ರಾಧ್ಯಾಪಕರು

ತಾಮ್ರದ ಉಂಗುರ ತಿರುಗುವುದಿಲ್ಲ. ಕ್ಷೇತ್ರ ಎಲೆಕ್ಟ್ರಾನುಗಳನ್ನು ಒಂದು ದಿಕ್ಕಿಗೆ ತಳ್ಳುವಷ್ಟೇ ಬಲದಿಂದ ಲೋಹದ ಧನ ಅಯಾನುಗಳನ್ನು ಎದುರು ದಿಕ್ಕಿಗೆ ತಳ್ಳುತ್ತದೆ. ಎಲೆಕ್ಟ್ರಾನುಗಳು ಡಿಕ್ಕಿ ಹೊಡೆಯುತ್ತಾ ತಮಗೆ ಸಿಕ್ಕ ತಳ್ಳುವಿಕೆಯನ್ನು ಅಯಾನುಗಳಿಗೇ ಒಪ್ಪಿಸುತ್ತವೆ, ಎರಡೂ ಒಂದನ್ನೊಂದು ರದ್ದುಮಾಡುತ್ತವೆ. ಎಲೆಕ್ಟ್ರಾನುಗಳ ಜಡತ್ವದಿಂದ ಉಳಿಯುವುದು ಅತ್ಯಲ್ಪ. ನಿರೋಧಕ ವಸ್ತುವಿನ ಉಂಗುರಕ್ಕೆ ನಿವ್ವಳ ಆವೇಶ q ಅಂಟಿಸಿದ್ದರೆ ಮಾತ್ರ ಅದಕ್ಕೆ ತಿರುಗುಬಲ ತಾಗುತ್ತದೆ. ಫ್ಲಕ್ಸ್ ΔΦ ಬದಲಾದಾಗ ಅದು ಪಡೆಯುವ ಕೋನೀಯ ಸಂವೇಗ qΔΦ/2π, ಉಂಗುರ ಚಿಕ್ಕದಿದ್ದರೂ ದೊಡ್ಡದಿದ್ದರೂ ಅಷ್ಟೇ.

ಪ್ರಯೋಗಾಲಯದ ಬೋಧಕಿ

ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ನಮ್ಮ ಸೊಲೆನಾಯ್ಡ್ ಅನಂತ ಉದ್ದದ್ದಲ್ಲ, ಅದರ ತುದಿಯಿಂದ ಹೊರಬಿದ್ದ ಫ್ಲಕ್ಸ್ ಹೊರಗಿನಿಂದಲೇ ಮರಳಿ ಬರುತ್ತದೆ. ಉಂಗುರ ದೊಡ್ಡದಾದಷ್ಟೂ ಮರಳುವ ಫ್ಲಕ್ಸಿನ ಹೆಚ್ಚು ಪಾಲು ಅದರೊಳಗೆ ಸೇರಿ ಇ.ಎಂ.ಎಫ್. ಇಳಿಯುತ್ತದೆ. ಆದ್ದರಿಂದ 20 ಸೆಂ.ಮೀ. ಉದ್ದದ ಸೊಲೆನಾಯ್ಡಿಗೆ 10 ಸೆಂ.ಮೀ. ತ್ರಿಜ್ಯದ ಉಂಗುರ ಹಾಕಿ ಪೂರ್ತಿ 1 ಮಿಲಿವೋಲ್ಟನ್ನು ನಿರೀಕ್ಷಿಸಬೇಡಿ; ಉಂಗುರವನ್ನು ಸೊಲೆನಾಯ್ಡಿನ ನಡುಭಾಗದಲ್ಲಿ, ಮೈಗೆ ಆದಷ್ಟು ಹತ್ತಿರವಾಗಿ ಇಡಿ.