ಸಹಾಯ ಬೇಕು: ಎಂಟು ತಂಡ, ಎರಡು ಮೈದಾನ, ಸಂಜೆ ಪಂದ್ಯಗಳ ವೇಳಾಪಟ್ಟಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರಿನಲ್ಲಿ ನಮ್ಮೂರಿನ ಎಂಟು ತಂಡಗಳ ಆರು ಓವರುಗಳ ಟೆನಿಸ್ ಬಾಲ್ ಟೂರ್ನಿಯನ್ನು ಲೀಗ್ ಮಾದರಿಯಲ್ಲಿ ನಡೆಸುತ್ತಿದ್ದೇವೆ. ಪ್ರತಿ ತಂಡವೂ ಉಳಿದ ಏಳರೊಡನೆ ಒಮ್ಮೆ ಆಡುವುದರಿಂದ ಒಟ್ಟು 28 ಪಂದ್ಯಗಳಾಗುತ್ತವೆ. ಶಾಲಾ ಮೈದಾನದಲ್ಲಿ ದೀಪಗಳಿಲ್ಲ. ಶಾಲೆ ಬಿಟ್ಟ ಮೇಲೆ ಕತ್ತಲಾಗುವುದರೊಳಗೆ ಒಂದೇ ಪಂದ್ಯ ಮುಗಿಯುತ್ತದೆ. ಇನ್ನೊಂದು ಮೈದಾನದಲ್ಲಿ ದೀಪದ ಬೆಳಕಿನಲ್ಲಿ ಎರಡು ಪಂದ್ಯ ಆಡಿಸಬಹುದು. ಹೀಗೆ ದಿನಕ್ಕೆ ಮೂರರಂತೆ ಹತ್ತು ಸಂಜೆಗಳು ಬೇಕು.

ಒಂದನೇ ತಂಡವನ್ನು ಸ್ಥಿರವಾಗಿಟ್ಟು ಉಳಿದವನ್ನು ಸುತ್ತಿಸಿದಾಗ ಸುತ್ತಿಗೆ ನಾಲ್ಕು ಪಂದ್ಯಗಳು ಬರುತ್ತವೆ, ಆದರೆ ಸಂಜೆಗೆ ಮೂರೇ ಹಿಡಿಯುವುದರಿಂದ ಉಳಿದ ಪಂದ್ಯವನ್ನು ಮರುದಿನಕ್ಕೆ ತಳ್ಳಿದರೆ ಒಂದೇ ತಂಡ ಒಂದೇ ಸಂಜೆ ಎರಡು ಬಾರಿ ಆಡುವ ಅಪಾಯವಿದೆ. ಮೊದಲ ಮೂರು ಸುತ್ತುಗಳನ್ನು ನಾನು ನಾಲ್ಕು ಸಂಜೆಗಳಿಗೆ ಹೀಗೆ ಹೊಂದಿಸಿದ್ದೇನೆ:

```
1: 1-8, 2-7, 3-6
2: 4-5, 1-7, 6-8
3: 2-5, 3-4, 1-6
4: 5-7, 4-8, 2-3
```

ಇಲ್ಲಿ ಯಾವ ತಂಡವೂ ಒಂದೇ ಸಂಜೆ ಎರಡು ಬಾರಿ ಆಡುವುದಿಲ್ಲ. ಆದರೆ ಒಂದನೇ ತಂಡ ಸತತ ಮೂರು ಸಂಜೆ ಆಡಬೇಕಾಗಿದೆ. ಅದಕ್ಕಿಂತ ನನ್ನನ್ನು ಕಾಡುತ್ತಿರುವುದು ಮೈದಾನದ ಹಂಚಿಕೆ. ಶಾಲಾ ಮೈದಾನದಲ್ಲಿ ಕೊನೆಯ ಓವರುಗಳ ಹೊತ್ತಿಗೆ ಚೆಂಡು ಕಾಣುವುದು ಕಷ್ಟ, ದೀಪದ ಮೈದಾನದ ಎರಡನೇ ಪಂದ್ಯದಲ್ಲಿ ಇಬ್ಬನಿಗೆ ಚೆಂಡು ತೊಯ್ದು ಹಿಡಿತ ತಪ್ಪುತ್ತದೆ. ಪ್ರತಿ ತಂಡಕ್ಕೂ ಶಾಲಾ ಮೈದಾನದಲ್ಲಿ ಎರಡು ಅಥವಾ ಮೂರು ಪಂದ್ಯಗಳಷ್ಟೇ ಬರುವಂತೆ ಹತ್ತೂ ಸಂಜೆಗಳ ಪಟ್ಟಿಯನ್ನು ಹೊಂದಿಸುವ ಕ್ರಮ ತಿಳಿದವರು ದಯವಿಟ್ಟು ತಿಳಿಸಿಕೊಡಿ.